ರೊಟ್ಟಿ ಬಿಡೋ ಹಂಚು ತತ್ತಿ ಯಾಕೆ ಬಿಡಂಗಿಲ್ಲ

ಮೊನ್ನೆ ಬಾಗಲಕೋಟೆಯಿಂದ ತಂಗಿ ಫೋನ್ ಮಾಡಿದ್ದಳು. "ಅಕ್ಕಾ, ಅವ್ವನ ರೊಟ್ಟಿ ಹಂಚಿನ ಮ್ಯಾಲೆ ಆಮ್ಲೆಟ್ ಹಾಕಿದ್ನಿ. ಅರ್ಧಾ ಅಲ್ಲೇ ಹತ್ತಿಕೊಂಡೈತಿ. ಹಂಚು ಕೆಟ್ಟೈತೇನು?"

ಹಂಚು ಕೆಟ್ಟಿಲ್ಲ. ಜೋಳದ ರೊಟ್ಟಿಯನ್ನು ಒಣ ಹಿಟ್ಟಿನ ಮೇಲೆ ಬಡಿದಿರುತ್ತೇವೆ, ಆ ಹಿಟ್ಟೇ ಕಬ್ಬಿಣಕ್ಕೂ ರೊಟ್ಟಿಗೂ ನಡುವೆ ಇರುತ್ತದೆ. ತತ್ತಿ ಹಾಗಲ್ಲ. ಅದರ ಬಿಳಿ ಭಾಗ ನೀರಿನಂತೆ ಹರಿದು ಲೋಹದ ಸಣ್ಣ ಸಣ್ಣ ಗೀರಿನೊಳಗೆಲ್ಲ ಇಳಿಯುತ್ತದೆ. ಬಿಸಿ ತಾಗಿದಾಗ ಅದರ ಪ್ರೋಟೀನಿನ ಸುರುಳಿ ಬಿಚ್ಚಿಕೊಂಡು ಬರೀ ಲೋಹವನ್ನೇ ಹಿಡಿದುಕೊಳ್ಳುತ್ತದೆ. ರೊಟ್ಟಿ ಹಂಚಿನ ಮೇಲಿನ ಕಪ್ಪು ಸುಟ್ಟ ಹಿಟ್ಟಿನದು, ಎಣ್ಣೆಯ ಪದರವಲ್ಲ. ಅದಕ್ಕೇ ತತ್ತಿಗೆ ಬೇರೆ ಕಬ್ಬಿಣದ ತವಾ ಇಡಬೇಕು ಅಂತ ನಾನು ಹೇಳೋದು.

ಆ ತವಾವನ್ನು ಪಳಗಿಸೋಕೆ ನಮ್ಮ ಕಡೆಯ ಕುಸುಬಿ ಎಣ್ಣಿಯೇ ಸಾಕು. ತೆಳ್ಳಗೆ ಹಚ್ಚಿ ಕಾಯಿಸಿದರೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ. ಬಣ್ಣಕ್ಕೂ ಇದೇ ಎಣ್ಣೆ ಬಳಸುವುದು ಈ ಗುಣಕ್ಕೇ. ತವಾ ತೊಳೆದು, ಒಲೆ ಮೇಲಿಟ್ಟು ಪೂರ್ತಿ ಒಣಗಿಸಿ. ಐದಾರು ಹನಿ ಎಣ್ಣೆ ಹಚ್ಚಿ, ಆಮೇಲೆ ಹಚ್ಚಿದ್ದನ್ನೆಲ್ಲ ತೆಗೆಯುವವರಂತೆ ಒಣ ಅರಿವೆಯಿಂದ ಒರೆಸಿ. ಕಿಟಕಿ ತೆಗೆದು, ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ, ಆರಿಸಿ. ಹೀಗೆ ಮೂರ್ನಾಲ್ಕು ಸಲ. ಮುಟ್ಟಿದರೆ ಅಂಟಂಟಾದರೆ ಎಣ್ಣೆ ಹೆಚ್ಚಾಗಿದೆ ಅಂತ ಅರ್ಥ, ಅದನ್ನು ಉಜ್ಜಿ ತೆಗೆದು ಮತ್ತೆ ಹಚ್ಚಬೇಕು. ಈ ತವಾದಲ್ಲಿ ಹುಣಸೆಹುಳಿ, ಟೊಮೆಟೊ ಕುದಿಸಬೇಡಿ. ಹುಳಿ ಆ ಪದರವನ್ನು ತಿನ್ನುತ್ತದೆ.

ಸ್ಟೀಲಿನ ಪ್ಯಾನಿಗೆ ಇಂಥ ಪದರ ಸರಿಯಾಗಿ ನಿಲ್ಲುವುದಿಲ್ಲ, ಅಲ್ಲಿ ಪ್ರತಿ ಸಲ ಉರಿಯನ್ನೇ ನೋಡಬೇಕು. ಬಿಸಿಯಾದರೆ ಸ್ಟೀಲಿನ ರಂಧ್ರ ಮುಚ್ಚುತ್ತದೆ ಅನ್ನುವುದು ತಪ್ಪು. ಬಿಸಿ ಪ್ಯಾನಿನಲ್ಲಿ ತತ್ತಿ ಲೋಹವನ್ನು ಹಿಡಿಯುವ ಮೊದಲೇ ಅದರ ಅಡಿ ಬೆಂದು ಗಟ್ಟಿಯಾಗುತ್ತದೆ, ಒಳಗಿನ ನೀರು ಆವಿಯಾಗಿ ಅದನ್ನು ಎತ್ತುತ್ತದೆ. ನಡು ಉರಿಯಲ್ಲಿ ಎರಡು ಮೂರು ನಿಮಿಷ ಕಾಯಿಸಿ ಒಂದು ಹನಿ ನೀರು ಹಾಕಿ. ಚುಂಯ್ ಅಂತ ಹರಡಿ ಆರಿದರೆ ಇನ್ನೂ ಕಾಯಬೇಕು. ಮುತ್ತಿನ ಹಾಗೆ ಉರುಳಾಡಿದರೆ ಸಾಕಷ್ಟು ಕಾದಿದೆ, ಆದರೆ ತತ್ತಿಗೆ ಅದು ಜಾಸ್ತಿಯೇ. ಉರಿ ಸಣ್ಣ ಮಾಡಿ ಅರ್ಧ ನಿಮಿಷ ಬಿಟ್ಟು, ಒಂದು ಚಮಚ ಎಣ್ಣೆ ಅಥವಾ ತುಪ್ಪ ಹಾಕಿ, ಪ್ಯಾನ್ ಓರೆ ಮಾಡಿ ತಳವೆಲ್ಲ ಹಬ್ಬಿಸಿ. ಆಮೇಲೆ ತತ್ತಿ ಒಡೆದು ಹಾಕಿ. ಫ್ರಿಜ್ಜಿನ ತಣ್ಣನೆ ತತ್ತಿ ಬಿಸಿ ಕುಗ್ಗಿಸುತ್ತದೆ, ಅದನ್ನು ಸ್ವಲ್ಪ ಮುಂಚೆ ಹೊರಗಿಡಿ.

ಇಲ್ಲೇ ಎಲ್ಲರೂ ತಪ್ಪು ಮಾಡೋದು: ಹಾಕಿದ ಕೂಡಲೇ ಸಟ್ಟುಗ ತೂರಿಸ್ತಾರೆ. ಆಗ ಅಡಿ ಇನ್ನೂ ಬೆಂದಿರುವುದಿಲ್ಲ, ಹಸಿ ಭಾಗ ಹರಿದು ಲೋಹಕ್ಕೇ ಉಳಿಯುತ್ತದೆ. ಅಂಚು ಬೆಳ್ಳಗಾಗಿ ತುಸು ಕಂದು ತಿರುಗಿ ತಾನೇ ಮೇಲೇಳುವವರೆಗೆ ಕೈ ಹಚ್ಚಬೇಡಿ.

ತಂಗಿಗೆ ಇದನ್ನೇ ಹೇಳಿದೆ. ನಿನ್ನೆ ಸಂಜೆ ಮತ್ತೆ ಫೋನ್ ಬಂತು: "ಅಕ್ಕಾ, ತವಾ ಅಲುಗಾಡಿಸಿದ್ರ ತತ್ತಿ ಜಾರತೈತಿ ನೋಡ."