47 ಪರ್ಸೆಂಟ್ ಕಳ್ಳಿ

ಬಳ್ಳಾರಿಯಲ್ಲಿ ಪಿಎಚ್‌ಡಿ ಮಾಡುವವರು ಕಳ್ಳತನಕ್ಕೆ ಬೇರೆಯವರ ಮನೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಸ್ವಂತ ಮನೆಯಲ್ಲೇ ಸಿಕ್ಕಿಬೀಳಬಹುದು. ನನ್ನ ಅಕ್ಕನ ಮಗಳು ಹಾಗೆ ಸಿಕ್ಕಿಬಿದ್ದಳು.

ಅವಳದು ರಸಾಯನಶಾಸ್ತ್ರ. ನಮ್ಮೂರಿನ ಜೀನ್ಸ್ ವಾಷಿಂಗ್ ಘಟಕಗಳಿಂದ ನೀಲಿ ನೀರು ಹರಿಯುತ್ತದಲ್ಲ, ಆ ಬಣ್ಣವನ್ನು ಭತ್ತದ ಹೊಟ್ಟಿನ ಬೂದಿಯಿಂದ ಹೀರಿಸಿ ತೆಗೆಯಬಹುದಾ ಎಂದು ನೋಡುವ ಕೆಲಸ. ಬಣ್ಣದ ನೀರು ಬಳ್ಳಾರಿಯದು, ಹೊಟ್ಟು ಗಂಗಾವತಿ ರೈಸ್ ಮಿಲ್ಲಿನದು, ಬೆವರು ಅವಳದು. ಈ ಕೆಲಸದ ಒಂದು ಭಾಗ ಹೊರದೇಶದ ಪತ್ರಿಕೆಯೊಂದರಲ್ಲಿ ಪೇಪರ್ ಆಗಿ ಬಂತು. ಪಿಎಚ್‌ಡಿಗೆ ಮೊದಲು ಪೇಪರ್ ಹಾಕಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ಆದರೆ ಅನೇಕ ವಿಶ್ವವಿದ್ಯಾಲಯಗಳು ಅದನ್ನು ಬಿಟ್ಟಿಲ್ಲ, ಅವಳದೂ ಬಿಟ್ಟಿರಲಿಲ್ಲ. ಅದಕ್ಕೇ ಅವಳು ಪೇಪರ್ ಹಾಕಿದಳು. ಆಮೇಲೆ ಅದೇ ಕೆಲಸವನ್ನು ಥೀಸಿಸ್ಸಿನ ನಾಲ್ಕನೇ ಅಧ್ಯಾಯವಾಗಿ ಬರೆದಳು. ಬೇರೆ ಯಾವ ಕೆಲಸವನ್ನು ಬರೆಯಬೇಕಿತ್ತೋ ಗೊತ್ತಿಲ್ಲ.

ಥೀಸಿಸ್ಸನ್ನು ಲೈಬ್ರರಿಯ ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿಗೆ ಹಾಕಿದರು. ರಿಪೋರ್ಟ್ ಬಂತು: ಹೋಲಿಕೆ 47 ಪರ್ಸೆಂಟ್. ಅದರಲ್ಲಿ 38 ಪರ್ಸೆಂಟ್ ಒಂದೇ ಮೂಲದಿಂದ. ಆ ಮೂಲ ಅವಳದೇ ಪೇಪರ್.

ಯುಜಿಸಿಯ 2018ರ ನಿಯಮದಲ್ಲಿ ಇದಕ್ಕೆ ಮೆಟ್ಟಿಲುಗಳಿವೆ. 10 ಪರ್ಸೆಂಟಿನವರೆಗೆ ಶಿಕ್ಷೆ ಇಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ತರಬೇಕು. 40 ದಾಟಿ 60ರವರೆಗೆ ಹೋದರೆ ಒಂದು ವರ್ಷ ಥೀಸಿಸ್ ಕೊಡುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಹೀಗಾಗಿ ನಮ್ಮ ಹುಡುಗಿ ಒಂದು ವರ್ಷದ ಮೆಟ್ಟಿಲಿನ ಮೇಲೆ ನಿಂತಿದ್ದಳು, ತನ್ನನ್ನೇ ತಾನು ಕದ್ದ ಆರೋಪ ಹೊತ್ತು.

ಸಮಿತಿಯ ಮುಂದೆ ನಡೆದ ಮಾತನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ.

“ಇದು ಯಾರ ಪೇಪರಮ್ಮಾ?”

“ನಂದೇ ಸರ್.”

“ಮತ್ತೆ ಥೀಸಿಸ್?”

“ಅದೂ ನಂದೇ ಸರ್.”

“ಅದೇ ನೋಡು ಸಮಸ್ಯೆ. ಎರಡೂ ಒಬ್ಬರದೇ ಆದರೆ ಹೋಲದೇ ಏನ್ಮಾಡ್ತದೆ?”

ಇದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ.

ಅದೇ 2018ರ ನಿಯಮದಲ್ಲಿ ಇನ್ನೊಂದು ಸಾಲಿದೆ. ಬೇಕಾದ ಅನುಮತಿ ಪಡೆದು ಅಥವಾ ಮೂಲ ಹೇಳಿ ಉದ್ಧರಿಸಿದ ಬರಹವನ್ನು ಲೆಕ್ಕದಿಂದ ಬಿಡಬೇಕು. ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ ಎಲ್ಲವನ್ನೂ ಬಿಡಬೇಕು. 14 ಪದಗಳವರೆಗಿನ ಸಾಮಾನ್ಯ ಅಥವಾ ಆಕಸ್ಮಿಕ ಹೊಂದಿಕೆಯನ್ನೂ ಬಿಡಬೇಕು. ಸ್ವಂತ ಬರಹವನ್ನು ಮತ್ತೆ ಬಳಸುವುದು ತಪ್ಪು ಎನ್ನುತ್ತದೆ ಯುಜಿಸಿ 2020ರಲ್ಲಿ ಹೊರಡಿಸಿದ ಸೂಚನೆ, ಎಲ್ಲಿಂದ ಬಂತೆಂದು ಸರಿಯಾಗಿ ಹೇಳದಿದ್ದರೆ. ನಮ್ಮ ಸಮಿತಿಗೆ ಆ ವಾಕ್ಯದ ಮೊದಲರ್ಧ ಬಾಯಿಪಾಠ. ಎರಡನೇ ಅರ್ಧ ಪುಟ ತಿರುವಿದರೆ ಇತ್ತು. ಪುಟ ತಿರುವುವ ಕೆಲಸ ಯಾರದು ಎಂಬುದು ಇನ್ನೂ ತೀರ್ಮಾನ ಆಗಿಲ್ಲ.

ಗೈಡ್ ಒಂದು ದಾರಿ ಹೇಳಿದರು. ಆ ಪೇಪರನ್ನು ರಿಪೋರ್ಟಿನಿಂದ ತೆಗೆಸಿದರಾಯಿತು, 47ರಲ್ಲಿ 38 ಹೋದರೆ 9. ಲೆಕ್ಕ ಸರಿಯಾಗಿತ್ತು, ಸಾಫ್ಟ್‌ವೇರಿಗೆ ಮಾತ್ರ ಗೊತ್ತಿರಲಿಲ್ಲ. ಪತ್ರಿಕೆಯ ಪುಟವನ್ನು ತೆಗೆದರೆ ಹೋಲಿಕೆ 44ಕ್ಕೆ ನಿಂತಿತು. ಯಾಕೆಂದರೆ ಸಾಫ್ಟ್‌ವೇರ್ ಒಂದು ಸಾಲಿಗೆ ಅತ್ಯುತ್ತಮ ಹೊಂದಿಕೆ ಯಾವುದೋ ಅದನ್ನು ಮೇಲೆ ತೋರಿಸುತ್ತದೆ. ಅದನ್ನು ಅಳಿಸಿದರೆ ಅದರ ಕೆಳಗೆ ಕೂತಿದ್ದ ಎರಡನೆಯದು ಮೇಲೆ ಬರುತ್ತದೆ. ಅಚ್ಚಿಗೆ ಮೊದಲೇ ಆನ್‌ಲೈನಿಗೆ ಹಾಕಿದ ಅದೇ ಪೇಪರಿನ ಪ್ರೀಪ್ರಿಂಟ್ ಒಂದು ಕಡೆ ಇತ್ತು, ಸಹಲೇಖಕರು ತಮ್ಮ ಸಂಸ್ಥೆಯ ಭಂಡಾರದಲ್ಲಿ ಇಟ್ಟ ಪ್ರತಿ ಇನ್ನೊಂದು ಕಡೆ. ಅವನ್ನೂ ತೆಗೆಸಿ ಮತ್ತೆ ನೋಡಿದರೆ ಈಗ 91 ಪರ್ಸೆಂಟ್! ಮೊದಲ ಸಲ ಪರೀಕ್ಷಿಸುವಾಗ ಯಾರೋ ಥೀಸಿಸ್ಸನ್ನು ಸಾಫ್ಟ್‌ವೇರಿನ ಸ್ವಂತ ಭಂಡಾರಕ್ಕೆ ಸೇರಿಸುವ ಆಯ್ಕೆ ಒತ್ತಿದ್ದರು. ಕರಡು ಒಳಗೆ ಕೂತಿತ್ತು. ಹೊಸ ಪ್ರತಿ ಬಂದಾಗ ಅದು ಗುರುತು ಹಿಡಿಯಿತು, ಹಳೇ ನೆಂಟರನ್ನು ಕಂಡ ಹಾಗೆ.

ಕರಡನ್ನು ಭಂಡಾರಕ್ಕೆ ಸೇರಿಸದೆ ಪರೀಕ್ಷಿಸಬೇಕು, ತನ್ನ ಪೇಪರಿನ ಎಲ್ಲ ಪ್ರತಿಗಳನ್ನೂ ಹೆಸರಿಸಿ ತೆಗೆಸಬೇಕು, ಏನೇನು ತೆಗೆಸಿದೆವೆಂದು ಗೈಡ್ ಸಹಿ ಮಾಡಿದ ಪತ್ರ ಜೊತೆಗಿಡಬೇಕು. ಕೆಲಸ ಇಷ್ಟೇ. ಇಷ್ಟನ್ನು ತಿಳಿಯಲು ಮಳೆಗಾಲ ಮುಗಿಯಿತು.

ಅಷ್ಟರಲ್ಲಿ ಸಮಿತಿಯ ಒಬ್ಬ ಹಿರಿಯರು ಸುಲಭದ ಉಪಾಯ ಕೊಟ್ಟಿದ್ದರು: “ಸುಮ್ನೆ ಬೇರೆ ಮಾತಲ್ಲಿ ಬರೆದುಬಿಡಮ್ಮಾ.” ಬಸ್ ಸ್ಟ್ಯಾಂಡ್ ಹತ್ತಿರ ಪರ್ಸೆಂಟೇಜ್ ಇಳಿಸಿಕೊಡುವ ಜೆರಾಕ್ಸ್ ಅಂಗಡಿಯ ದಾರಿಯನ್ನೂ ತೋರಿಸಿದರು. ಪ್ರಯೋಗದ ವಿಧಾನವನ್ನು ಎಷ್ಟು ಬಗೆಯಲ್ಲಿ ಬರೆಯಬಹುದು ಹೇಳಿ. ಪೇಪರಿನಲ್ಲಿ ಇದ್ದದ್ದು ಹೀಗೆ: ಹೊಟ್ಟನ್ನು ತೊಳೆದು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, 600 ಡಿಗ್ರಿಯಲ್ಲಿ ಸುಡಲಾಯಿತು. ಅಂಗಡಿಯಿಂದ ಬಂದದ್ದು ಕನ್ನಡದಲ್ಲಿ ಹೇಳಬೇಕೆಂದರೆ ಹೀಗೆ: ಅಕ್ಕಿಯ ಹೊರ ಉಡುಪನ್ನು ಸ್ನಾನ ಮಾಡಿಸಿ, ನೂರಕ್ಕಿಂತ ತುಸು ಹೆಚ್ಚಿನ ಬಿಸಿಯಲ್ಲಿ ಒಂದು ದಿನ ಬಾಯಾರಿಸಿ, ತೀವ್ರ ತಾಪಕ್ಕೆ ಅರ್ಪಿಸಲಾಯಿತು. ಪರ್ಸೆಂಟ್ ಇಳಿದಿತ್ತು, ಜೊತೆಗೆ 105, 600 ಎರಡೂ ಇಳಿದುಹೋಗಿದ್ದವು. ಮುಂದೆ ಯಾರಾದರೂ ಆ ಬೂದಿ ಮಾಡಲು ಹೊರಟರೆ ಎಷ್ಟು ಡಿಗ್ರಿ ಇಡಬೇಕೆಂದು ಅಂಗಡಿಯವನನ್ನೇ ಕೇಳಬೇಕು. ಅವಳು ಅದನ್ನು ಹರಿದುಹಾಕಿದಳು.

ಪಕ್ಕದ ಬೆಂಚಿನವನ ಕಥೆ ಬೇರೆ. ಅವನು ಬೇರೆ ಯಾರದೋ ಕೋಷ್ಟಕಗಳನ್ನು ಚಿತ್ರ ಮಾಡಿ ಅಂಟಿಸಿದ್ದ. ಆ ಸಾಫ್ಟ್‌ವೇರ್ ಚಿತ್ರದೊಳಗಿನ ಅಕ್ಷರ ಓದಲಿಲ್ಲ. ಅವನಿಗೆ 4 ಪರ್ಸೆಂಟ್, ಮೇಲೆ ಸಮಿತಿಯ ಶಹಬ್ಬಾಸ್‌ಗಿರಿ.

ಇದೆಲ್ಲ ಮುಗಿಯಿತು ಅನ್ನುವಾಗ ಕಚೇರಿಯಿಂದ ಹೊಸ ಪ್ರಶ್ನೆ: ಪ್ರಕಾಶಕರ ಅನುಮತಿ ಎಲ್ಲಿ?

ಈ ಪ್ರಶ್ನೆ ಮಾತ್ರ ಸರಿಯಾದದ್ದು, ಒಪ್ಪುತ್ತೇನೆ. ಕೃತಿಚೌರ್ಯವೂ ಕಾಪಿರೈಟೂ ಒಂದೇ ಅಲ್ಲ. ಇದು ಮೊದಲು ಎಲ್ಲಿ ಬಂತೆಂದು ಓದುಗನಿಗೆ ಹೇಳಿದೆಯಾ ಎಂಬುದು ಒಂದು ಪ್ರಶ್ನೆ. ಹಕ್ಕನ್ನು ಬರೆದುಕೊಟ್ಟ ಮೇಲೆ ಮತ್ತೆ ಅಚ್ಚು ಹಾಕಲು ನಿನಗೆ ಅಧಿಕಾರ ಇದೆಯಾ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಧ್ಯಾಯದ ಆರಂಭದಲ್ಲಿ ಒಂದು ಟಿಪ್ಪಣಿ ಸಾಕು: ಪೇಪರಿನ ಹೆಸರು, ಪತ್ರಿಕೆ, ವರ್ಷ, ಸಹಲೇಖಕರು, ಅದರಲ್ಲಿ ತನ್ನ ಪಾಲು ಎಷ್ಟು. ಎರಡನೆಯದಕ್ಕೆ ಪೇಪರಿನ ಮೊದಲ ಪುಟ ನೋಡಬೇಕು. ಅಲ್ಲಿ CC BY ಎಂದಿದ್ದರೆ ಯಾರ ಅನುಮತಿಯೂ ಬೇಡ, ಮೂಲ ಹೇಳಿದರಾಯಿತು. ಹಕ್ಕು ಪ್ರಕಾಶಕರಿಗೆ ಹೋಗಿದ್ದರೆ ಸಹಿ ಹಾಕಿದ ಒಪ್ಪಂದ ನೋಡಬೇಕು. ದೊಡ್ಡ ಪ್ರಕಾಶಕರು ಸಾಮಾನ್ಯವಾಗಿ ಥೀಸಿಸ್ಸಿಗೆ ಅಡ್ಡಿ ಮಾಡುವುದಿಲ್ಲ. ಲೇಖಕರು ತಮ್ಮ ಲೇಖನವನ್ನು ಥೀಸಿಸ್ಸಿನಲ್ಲಿ ಸೇರಿಸಬಹುದು ಎಂದು ಎಲ್ಸೆವಿಯರ್ ತಾನೇ ಬರೆದುಕೊಂಡಿದೆ. ಐಇಇಇ ಕೂಡ ಪ್ರತ್ಯೇಕ ಪರವಾನಗಿ ಕೇಳುವುದಿಲ್ಲ. ಆದರೆ ತಾನು ಹೇಳಿದ ಕಾಪಿರೈಟ್ ಸಾಲು ಹಾಕಿ ಎನ್ನುತ್ತದೆ, ಥೀಸಿಸ್ ಆನ್‌ಲೈನಿಗೆ ಹೋಗುವುದಾದರೆ ಅಚ್ಚಾದ ಪುಟಗಳ ಬದಲು ಸ್ವೀಕೃತ ಹಸ್ತಪ್ರತಿ ಬಳಸಿ ಎನ್ನುತ್ತದೆ.

ನಮ್ಮ ಹುಡುಗಿ ಪತ್ರಿಕೆಯ ಪುಟದಲ್ಲಿ Request permissions ಒತ್ತಿದಳು. ಥೀಸಿಸ್ಸಿಗೆ ಎಂದು ಆರಿಸಿದಳು, ಲೇಖಕಿ ನಾನೇ ಎಂದು ಗುರುತು ಹಾಕಿದಳು. ಒಂದೇ ನಿಮಿಷಕ್ಕೆ ಪರವಾನಗಿ ಬಂತು, ಸಂಖ್ಯೆ ಸಮೇತ. ಬೆಲೆ 0.00 ಡಾಲರ್. ಪ್ರಿಂಟ್ ತೆಗೆದು ಕಚೇರಿಗೆ ಕೊಟ್ಟಳು.

“ಇದರಲ್ಲಿ ಸಹಿ ಎಲ್ಲಿ?” ಅಂದರು ಗುಮಾಸ್ತರು.

“ಕಂಪ್ಯೂಟರಿಂದ ಬಂದದ್ದು ಸರ್, ಸಹಿ ಇರಲ್ಲ.”

“ಸೀಲು?”

“ಅದೂ ಇರಲ್ಲ.”

“ದುಡ್ಡಿನ ಜಾಗದಲ್ಲಿ ಸೊನ್ನೆ ಐತಲ್ಲಮ್ಮಾ. ದುಡ್ಡೇ ಕಟ್ಟಿಲ್ಲ ಅಂದಮೇಲೆ ಪರ್ಮಿಶನ್ ಎಂಗೆ ಆಯ್ತು? ಲೆಟರ್‌ಹೆಡ್ ಮೇಲೆ ಬರೆಸ್ಕೊಂಡ್ ಬಾ.”

ಅವಳು ಪ್ರಕಾಶಕರಿಗೆ ಮೇಲ್ ಬರೆದಳು. ದಯವಿಟ್ಟು ಗುಂಡು ಸೀಲು ಹಾಕಿದ ಪತ್ರ ಕೊಡಿ ಎಂದು. ಅಲ್ಲಿಂದ ಸೌಜನ್ಯದ ಉತ್ತರ ಬಂತು: ನಿಮಗೆ ಈಗಾಗಲೇ ಪರವಾನಗಿ ಇದೆ, ಗುಂಡು ಸೀಲು ಎಂದರೇನು? ಆ ಮೇಲನ್ನೇ ಪ್ರಿಂಟ್ ತೆಗೆದು, ಬಳ್ಳಾರಿಯಲ್ಲೇ ಒಬ್ಬ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ ಕೊಟ್ಟಳು. ಹಸಿರು ಇಂಕು ಕಂಡದ್ದೇ ಫೈಲ್ ಮುಂದಕ್ಕೆ ಹೋಯಿತು. ಹೊರದೇಶದ ಪ್ರಕಾಶಕರ ಮಾತಿಗೆ ಇಲ್ಲದ ಬಲ ನಮ್ಮ ಪಶುವೈದ್ಯಾಧಿಕಾರಿಯ ಸಹಿಗೆ ಇತ್ತು.

ನಿಜವಾಗಿ ಕೇಳಬೇಕಾಗಿದ್ದ ಎರಡು ಪ್ರಶ್ನೆಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಆ ಪೇಪರಿನ ಒಂದು ಚಿತ್ರ ಬೇರೊಬ್ಬರ ಲೇಖನದ್ದು. ಪೇಪರಿಗೆಂದು ಪಡೆದ ಅನುಮತಿ ಪೇಪರಿಗೆ ಮಾತ್ರ, ಥೀಸಿಸ್ಸಿಗೆ ಮತ್ತೆ ಕೇಳಬೇಕು. ಅವಳು ತಾನೇ ಕೇಳಿ ತಂದಳು. ಇನ್ನೊಂದು, ಪೇಪರಿನ ಮೂರನೇ ಹೆಸರಿನ ಹುಡುಗನೂ ಪಿಎಚ್‌ಡಿ ವಿದ್ಯಾರ್ಥಿ. ಅವನೂ ಅದೇ ಪೇಪರನ್ನು ತನ್ನ ಅಧ್ಯಾಯ ಮಾಡಿಕೊಳ್ಳುತ್ತಾನಾ? ಯಾವ ಪ್ರಯೋಗ ಯಾರದು? ಇಬ್ಬರೂ ಕೂತು ಪಾಲು ಬರೆದು ಸಹಿ ಹಾಕಿ ಅನುಬಂಧದಲ್ಲಿ ಇಟ್ಟರು. ಸಮಿತಿ ಆ ಪುಟವನ್ನು ನೋಡಿ, ಇದು ಫಾರ್ಮ್ಯಾಟಿನಲ್ಲಿ ಇಲ್ಲ, ಯಾಕೆ ಇಟ್ಟಿದ್ದು ಎಂದು ಕೇಳಿತು.

ಕೊನೆಗೂ ಡಿಗ್ರಿ ಬಂತು. ಥೀಸಿಸ್ ದೇಶದ ಥೀಸಿಸ್ಸುಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಎಲ್ಲರಿಗೂ ಕಾಣುವಂತೆ ಕೂತಿತು. ಮೊನ್ನೆ ಅವಳು ಐದನೇ ಅಧ್ಯಾಯವನ್ನು ಪೇಪರ್ ಮಾಡಿ ಇನ್ನೊಂದು ಪತ್ರಿಕೆಗೆ ಕಳಿಸಿದಳು. ಸಂಪಾದಕರಿಂದ ಉತ್ತರ ಬಂತು: ಶೋಧಗಂಗಾದ ಒಂದು ಥೀಸಿಸ್ಸಿಗೆ ನಿಮ್ಮ ಲೇಖನ ಜಾಸ್ತಿ ಹೋಲುತ್ತಿದೆ, ಥೀಸಿಸ್ ನಿಮ್ಮದೇ ಆಗಿದ್ದರೆ ಅಡ್ಡಿಯಿಲ್ಲ, ಲೇಖನದಲ್ಲಿ ಅದನ್ನು ಹೇಳಿ, ಹಕ್ಕು ವಿಶ್ವವಿದ್ಯಾಲಯದ್ದಾಗಿದ್ದರೆ ಅವರಿಂದ ಒಂದು ಮಾತು ಬರೆಸಿ.

ಕಚೇರಿಗೆ ಹೋದಳು. ವಿಶ್ವವಿದ್ಯಾಲಯ ಅನುಮತಿ ಕೊಡುವ ಫಾರಂ ಅವರ ಹತ್ತಿರ ಇಲ್ಲ, ಅನುಮತಿ ತರುವ ಫಾರಂ ಮಾತ್ರ ಇದೆ. ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿ ಅದನ್ನೇ ತೆಗೆದು ‘ಪ್ರಕಾಶಕರಿಗೆ’ ಎಂಬುದನ್ನು ಹೊಡೆದುಹಾಕಿ, ಮೇಲೆ ಪೆನ್ನಿನಿಂದ ‘ನಮಗೆ’ ಎಂದು ಬರೆದುಕೊಟ್ಟರು.