ಹೆಬ್ಬೆರಳು ತೆಗೆದ ಮೇಲೆ

ಟಾಪು ಗಿಳಿಹಸಿರು, ಕುತ್ತಿಗೆಯ ಒಳಪಟ್ಟಿ ರಾಣಿ ಬಣ್ಣ. ಅಂಗಡಿಯಲ್ಲಿ ಹಸಿರು ತುಂಡು ಉಳಿದಿರಲಿಲ್ಲವಂತೆ, "ಒಳಗಡೆ ತಾನೇ ಮೇಡಂ, ಯಾರಿಗೆ ಕಾಣುತ್ತೆ?" ಅಂತ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ. ಯಾರಿಗೆ ಕಾಣುತ್ತೆ ಅನ್ನುವುದಕ್ಕೆ ಉತ್ತರ ಬಸ್ಸಿನ ಎರಡನೇ ಸ್ಟಾಪಿನಲ್ಲೇ ಸಿಗುತ್ತದೆ. ಹಿಂದಿನ ಸೀಟಿನ ಅಮ್ಮನೊಬ್ಬರು ಹೇಳದೆ ಕೇಳದೆ ನಿಮ್ಮ ಕುತ್ತಿಗೆಗೆ ಎರಡು ತಣ್ಣನೆಯ ಬೆರಳು ಇಟ್ಟು, "ಪಟ್ಟಿ ಹೊರಗೆ ಬಂದಿದೆ ಕಣಮ್ಮಾ" ಅಂತ ಒಳಗೆ ತುರುಕುತ್ತಾರೆ. ಇಳಿಯುವಷ್ಟರಲ್ಲಿ ಅದು ಮತ್ತೆ ಹೊರಗೆ. ಆಫೀಸಿನ ಲಿಫ್ಟಿನಲ್ಲಿ ಇನ್ನೊಬ್ಬರು, ದೇವಸ್ಥಾನದ ಸಾಲಿನಲ್ಲಿ ಮತ್ತೊಬ್ಬರು. ಮಂಗಳಾರತಿಗೆ ಕಣ್ಣು ಮುಚ್ಚಿದ್ದಾಗ ಕೂಡ ಬಿಡುವುದಿಲ್ಲ.

ಹೊಲಿದವರ ಹತ್ತಿರ ಹೋಗಿ ಕೇಳಿದರೆ ಸಿಗುವ ಉತ್ತರ ಊರೂರಿಗೂ ಒಂದೇ: "ಒಂದು ಇಸ್ತ್ರಿ ಹಾಕಿ, ಕೂತ್ಕೊಳ್ಳುತ್ತೆ." ಇಸ್ತ್ರಿ ಹಾಕಿ ಆಯಿತು ಅಂದರೆ, "ಎರಡು ಒಗೆತ ಆಗಲಿ, ಕೂತ್ಕೊಳ್ಳುತ್ತೆ." ಎರಡು ಒಗೆತವೂ ಆಯಿತು ಅಂದಾಗ ಹೊರಬರುವುದೇ ಆ ಬ್ರಹ್ಮಾಸ್ತ್ರ, ಹೆಬ್ಬೆರಳು. ಟಾಪನ್ನು ಕಟಿಂಗ್ ಮೇಜಿನ ಮೇಲೆ ಹರಡುತ್ತಾರೆ. ಉಗುರಿನಿಂದ ಕುತ್ತಿಗೆಯ ಅಂಚನ್ನು ಎಡ ಭುಜದಿಂದ ಬಲ ಭುಜದವರೆಗೆ ಸರ್ರನೆ ಗೀರುತ್ತಾರೆ. ಆಮೇಲೆ ಸರಿಯಾಗಿ ನಡುಮಧ್ಯೆ ಹೆಬ್ಬೆರಳು ಒತ್ತಿ ಹಿಡಿದು, "ಈಗ ನೋಡಿ" ಅನ್ನುತ್ತಾರೆ. ನೋಡಿದರೆ ನಿಜಕ್ಕೂ ಕೂತಿದೆ. ಬೆರಳ ಕೆಳಗೆ ಯಾವುದು ತಾನೇ ಕೂರುವುದಿಲ್ಲ? ಬೆರಳು ಅಲ್ಲೇ ಇದೆ. ಬಿಲ್ಲಿನ ಮಾತು ಶುರುವಾದಾಗಲೂ ಅಲ್ಲೇ ಇದೆ. ಇನ್ನೊಂದು ಕೈಯಿಂದ ಚಿಲ್ಲರೆ ಎಣಿಸುವಾಗ, ಫೋನಿಗೆ "ನಾಳೆ ಸಂಜೆ ಗ್ಯಾರಂಟಿ" ಅಂತ ಮೂರನೆಯವರಿಗೆ ಮಾತು ಕೊಡುವಾಗ, ಎಲ್ಲ ಹೊತ್ತೂ ಆ ಹೆಬ್ಬೆರಳು ಅಲ್ಲಾಡುವುದಿಲ್ಲ. ಕವರಿಗೆ ಟಾಪು ಜಾರಿಸುವ ಕಡೆಯ ಕ್ಷಣದಲ್ಲಿ ಮಾತ್ರ ಅದು ಮೆಲ್ಲಗೆ ಹಿಂದೆ ಸರಿಯುತ್ತದೆ. ನಾವು ಮನೆಗೆ ತರುವುದು ಟಾಪು ಮಾತ್ರ. ಬೆರಳು ಅಂಗಡಿಯಲ್ಲೇ ಉಳಿಯುತ್ತದೆ.

ಆ ಬೆರಳು ಮಾಡುವ ಕೆಲಸವನ್ನು ಶಾಶ್ವತವಾಗಿ ಮಾಡಲಿಕ್ಕೆ ಒಂದು ಹೊಲಿಗೆ ಇದೆ. ಹೆಸರು ಅಂಡರ್‌ಸ್ಟಿಚ್. ಹೊರಗಿನಿಂದ ಒಂದು ನೂಲೂ ಕಾಣುವುದಿಲ್ಲ, ಕೈ ಪಳಗಿದವರಿಗೆ ಎರಡು ಮೂರು ನಿಮಿಷದ ಕೆಲಸ. ಕಾಣುವುದಿಲ್ಲವಲ್ಲ, ಅದಕ್ಕೇ ಬಿಡುತ್ತಾರೆ. ಕಾಣುವಂಥ ಹೊಲಿಗೆಯಾಗಿದ್ದರೆ ಪೈಪಿಂಗ್, ಲೇಸು ಅಂತ ಬಿಲ್ಲಿನಲ್ಲಿ ಪ್ರತ್ಯೇಕ ಸಾಲೇ ಬರುತ್ತಿತ್ತು.

ಪಟ್ಟಿಗೆ ಹೊರಬರುವ ಹಟ ಯಾಕೆ? ಟಾಪು ಮತ್ತು ಪಟ್ಟಿಯ ಸರಿಬದಿಗಳನ್ನು ಎದುರುಬದುರು ಇಟ್ಟು ಕುತ್ತಿಗೆಯ ಸುತ್ತ ಹೊಲಿಯುತ್ತೇವೆ, ಆಮೇಲೆ ಪಟ್ಟಿಯನ್ನು ಒಳಗೆ ತಿರುಗಿಸುತ್ತೇವೆ. ಆಗ ಹೊಲಿಗೆ ಸರಿಯಾಗಿ ಅಂಚಿನ ತುದಿಯಲ್ಲಿ ನಿಲ್ಲುತ್ತದೆ, ಗೋಡೆಯ ಮೇಲೆ ಕೂತ ಬೆಕ್ಕಿನ ಹಾಗೆ. ಯಾವ ಕಡೆಗೆ ಬೇಕಾದರೂ ಹಾರಬಹುದು. ಕೈ ಎತ್ತಿದಾಗ, ಬಗ್ಗಿದಾಗ, ದುಪಟ್ಟಾ ಎಳೆದಾಗ ಅದು ಹಾರುವುದು ಹೊರಕ್ಕೇ. ಇದರ ಜೊತೆಗೆ ಹೊಲಿಗೆಯ ಆಚೆ ಬಿಟ್ಟು ಒಳಗೆ ಮಡಚಿಕೊಂಡ ಬಟ್ಟೆ, ಅಂದರೆ ಮಾರ್ಜಿನ್, ಪಟ್ಟಿಯನ್ನು ನೂಕುತ್ತಿರುತ್ತದೆ. ಆ ನೂಕಾಟಕ್ಕೆ ಪರಿಹಾರ ಕತ್ತರಿ, ಹಾರಾಟಕ್ಕೆ ಪರಿಹಾರ ಅಂಡರ್‌ಸ್ಟಿಚ್. ಎರಡೂ ಬೇಕು, ಮೊದಲು ಕತ್ತರಿಯೇ ಆಗಬೇಕು.

ಕತ್ತರಿಯ ಲೆಕ್ಕ ಸ್ವಲ್ಪ ಮಜವಾಗಿದೆ. 6 ಇಂಚು ಅಗಲ, 3 ಇಂಚು ಆಳದ ಮುಂಗುತ್ತಿಗೆ ಅಂದುಕೊಳ್ಳಿ, ಸರಿಯಾದ ಅರ್ಧ ವೃತ್ತ. ಹೊಲಿಗೆಯ ಉದ್ದ ಸುಮಾರು ಒಂಬತ್ತೂವರೆ ಇಂಚು. ಅರ್ಧ ಇಂಚು ಮಾರ್ಜಿನ್ ಬಿಟ್ಟಿದ್ದರೆ ಅದರ ಕತ್ತರಿಸಿದ ಅಂಚು ವೃತ್ತದ ಒಳಗಡೆ ಇರುತ್ತದೆ, ಉದ್ದ ಎಂಟು ಇಂಚಿಗೂ ಕಡಿಮೆ. ಪಟ್ಟಿ ತಿರುಗಿಸಿದ ಮೇಲೆ ಅದೇ ಅಂಚು ಹೊಲಿಗೆಯ ಹೊರಗಡೆ, ಟಾಪಿನ ಬಟ್ಟೆಯ ಕೆಳಗೆ ಹೋಗಿ ಮಲಗಬೇಕು. ಅಲ್ಲಿ ಹಾಸಿಗೆ 11 ಇಂಚು. ಎಂಟಿಂಚಿನ ಬಟ್ಟೆ ಹನ್ನೊಂದು ಇಂಚಿನ ಜಾಗದಲ್ಲಿ ಮಲಗಬೇಕೆಂದರೆ ಎಳೆದಾಡದೆ ಇನ್ನೇನು ಮಾಡೀತು? ಮೂರು ಇಂಚಿನ ಆ ಕೊರತೆಯೇ ಕುತ್ತಿಗೆಯ ಸುತ್ತ ಸುಕ್ಕಾಗಿ, ಬಿಗಿತವಾಗಿ ಮೇಲೆ ಬರುತ್ತದೆ. ಇನ್ನೊಂದು ತಮಾಷೆ ಏನೆಂದರೆ ಅರ್ಧ ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಅರ್ಧ ಇಂಚು ಮಾರ್ಜಿನ್ನಿಗೆ ಕೊರತೆ ಅಷ್ಟೇ ಇರುತ್ತದೆ. ಚಿಕ್ಕ ಕುತ್ತಿಗೆಯಲ್ಲಿ ಅದೇ ಮೂರು ಇಂಚನ್ನು ಕಡಿಮೆ ಜಾಗದಲ್ಲಿ ಹೊಂದಿಸಬೇಕಾಗುತ್ತದೆ. ಮಕ್ಕಳ ಫ್ರಾಕಿನ ಕುತ್ತಿಗೆ ಅಷ್ಟೊಂದು ಗೋಳಾಡಿಸುವುದು ಇದಕ್ಕೇ.

ಹಾಗಾಗಿ ಹೊಲಿದ ಕೂಡಲೇ ಮಾರ್ಜಿನ್ನನ್ನು ಕಾಲು ಇಂಚಿಗೆ ಇಳಿಸಿ. ಕೊರತೆ ಅಲ್ಲೇ ಅರ್ಧಕ್ಕೆ ಇಳಿಯಿತು. ದಪ್ಪ ಬಟ್ಟೆಯಾದರೆ ಪಟ್ಟಿಯ ಪದರವನ್ನು ಇನ್ನೂ ಸ್ವಲ್ಪ ಸಣ್ಣಗೆ ಮಾಡಿ, ಟಾಪಿನ ಪದರವನ್ನು ಕಾಲು ಇಂಚಿಗೇ ಬಿಡಿ. ಎರಡೂ ಒಂದೇ ಕಡೆ ಮುಗಿದರೆ ಹೊರಗಿನಿಂದ ಮೆಟ್ಟಿಲಿನ ಹಾಗೆ ಗೆರೆ ಕಾಣುತ್ತದೆ. ಆಮೇಲೆ ಕಟ್ಸ್, ಅಂದರೆ ಮಾರ್ಜಿನ್ನಿನ ಅಂಚಿನಿಂದ ಹೊಲಿಗೆಯ ಕಡೆಗೆ ಸಣ್ಣ ಸಣ್ಣ ಸೀಳು. ಕತ್ತರಿಯ ತುದಿಯಿಂದ ಮಾತ್ರ, ಹೊಲಿಗೆಗೆ ನೇರ ಲಂಬವಾಗಿ, ಒಂದು ಎರಡು ಮಿಲಿಮೀಟರ್ ಬಿಟ್ಟು ನಿಲ್ಲಿಸಬೇಕು. ಮುಕ್ಕಾಲು ಇಂಚಿಗೊಂದರಂತೆ ಈ ಕುತ್ತಿಗೆಗೆ ಹನ್ನೆರಡು ಕಟ್ ಬರುತ್ತವೆ. ಒಂದೊಂದೂ 1/8 ಇಂಚು ಬಾಯಿ ತೆರೆದರೆ ಸಾಕು, ಉಳಿದ ಒಂದೂವರೆ ಇಂಚಿನ ಸಾಲ ತೀರುತ್ತದೆ. ತಿರುವು ಬಿಗಿಯಾದ ಕಡೆ ಅರ್ಧ ಇಂಚಿಗೊಂದು, ಭುಜದ ಹತ್ತಿರ ಅಂಚು ನೆಟ್ಟಗಾಗುವಲ್ಲಿ ಬೇಕೇ ಇಲ್ಲ. ಎರಡು ಪದರಗಳ ಕಟ್ಸ್ ಒಂದರ ಮೇಲೊಂದು ಬೀಳದಂತೆ ಬೇರೆ ಬೇರೆ ಜಾಗದಲ್ಲಿ ಕೊಟ್ಟರೆ ನೂಲು ಬಿಚ್ಚುವ ಬಟ್ಟೆಗೂ ಬಲ ಉಳಿಯುತ್ತದೆ.

ಇಲ್ಲಿ ಜಿಪುಣತನವೂ ಕೆಡಿಸುತ್ತದೆ, ಧಾರಾಳವೂ ಕೆಡಿಸುತ್ತದೆ. ಇಡೀ ಕುತ್ತಿಗೆಗೆ ನಾಲ್ಕೇ ಕಟ್ ಕೊಟ್ಟರೆ ದುಂಡು ಕುತ್ತಿಗೆ ಮೂಲೆ ಮೂಲೆಯಾಗಿ ಐದು ಪೈಸೆ ನಾಣ್ಯದ ದೂರದ ನೆಂಟನಂತೆ ಕಾಣುತ್ತದೆ. ಉತ್ಸಾಹದಲ್ಲಿ ಹೊಲಿಗೆಯನ್ನೇ ಕಚ್ಚಿದರೆ ಟಾಪಿನಲ್ಲಿ ತೂತು, ಅದನ್ನು ಯಾವ ಹೆಬ್ಬೆರಳೂ ಮುಚ್ಚುವುದಿಲ್ಲ. ವಿ ಕುತ್ತಿಗೆಯಲ್ಲಿ ಮಾತ್ರ ತುದಿಗೆ ಒಂದೇ ಕಟ್, ಅದು ಹೊಲಿಗೆಯ ತೀರಾ ಹತ್ತಿರಕ್ಕೆ ಹೋಗಲೇಬೇಕು. ಅದಕ್ಕಾಗಿ ತುದಿಯ ಎರಡೂ ಕಡೆ ಒಂದೊಂದು ಇಂಚು ಸಣ್ಣ ಹೊಲಿಗೆ ಹಾಕಿ ಮೊದಲೇ ಗಟ್ಟಿ ಮಾಡಿಕೊಂಡಿರಬೇಕು.

ಈಗ ಅಂಡರ್‌ಸ್ಟಿಚ್. ಪಟ್ಟಿಯನ್ನು ಟಾಪಿನಿಂದ ಆಚೆಗೆ ಬಿಡಿಸಿ, ಮಾರ್ಜಿನ್ನಿನ ಎರಡೂ ಪದರಗಳನ್ನು ಪಟ್ಟಿಯ ಕಡೆಗೆ ತಿರುಗಿಸಿ ಇಸ್ತ್ರಿಯ ತುದಿಯಿಂದ ಒತ್ತಿ. ಪಟ್ಟಿಯ ಸರಿಬದಿ ಮೇಲಿರಲಿ. ಹೊಲಿಗೆಯ ಗೀಟಿನಿಂದ ಎರಡು ಮಿಲಿಮೀಟರ್ ದೂರದಲ್ಲಿ, ಪಟ್ಟಿಯ ಮೇಲೆ, ಗೀಟಿಗೆ ಸಮಾನಾಂತರವಾಗಿ ಒಂದು ಸಾಲು ಹೊಲಿಗೆ. ಸೂಜಿ ಚುಚ್ಚಬೇಕಾದ್ದು ಪಟ್ಟಿಯನ್ನು ಮತ್ತು ಕೆಳಗಿನ ಎರಡು ಮಾರ್ಜಿನ್ ಪದರಗಳನ್ನು, ಟಾಪನ್ನಲ್ಲ. ಎಡಗೈಯಿಂದ ಟಾಪನ್ನು, ಬಲಗೈಯಿಂದ ಪಟ್ಟಿಯನ್ನು ಹಗುರವಾಗಿ ಎರಡು ಕಡೆಗೆ ಬಿಡಿಸುತ್ತಾ ಎರಡು ಎರಡು ಇಂಚು ಹೊಲಿದು ನಿಲ್ಲಿಸಿ, ಕೆಳಗೆ ಬೆರಳಾಡಿಸಿ ನೋಡಬೇಕು. ಅಲ್ಲೊಂದು ಮಾರ್ಜಿನ್ ಚೂರು ಟಾಪಿನ ಕಡೆಗೆ ಮಗುಚಿಕೊಂಡಿರುತ್ತದೆ, ಗ್ಯಾರಂಟಿ. ಹಾಗೇ ಹೊಲಿದುಬಿಟ್ಟರೆ ಆ ಜಾಗದಲ್ಲಿ ಮಾತ್ರ ಪಟ್ಟಿ ಇಣುಕುತ್ತದೆ. ಬಸ್ಸಿನ ಅಮ್ಮನ ಬೆರಳು ನೇರವಾಗಿ ಅಲ್ಲಿಗೇ ಬರುತ್ತದೆ.

ಮಾರ್ಜಿನ್ ಪಟ್ಟಿಗೆ ಕಟ್ಟಿಹಾಕಿಕೊಂಡ ಮೇಲೆ ಪಟ್ಟಿ ಹೋದ ಕಡೆ ಹೊಲಿಗೆಯೂ ಹೋಗಬೇಕು. ಪಟ್ಟಿಯನ್ನು ಒಳಗೆ ಮಡಚಿದ ಕೂಡಲೇ ಗೀಟು ತಾನಾಗಿಯೇ ಕೂದಲೆಳೆಯಷ್ಟು ಒಳಗೆ ಸರಿದು ಮಲಗುತ್ತದೆ. ಬೆಕ್ಕು ಗೋಡೆ ಇಳಿಯಿತು. ಹೊಲಿಗೆಯಿಂದ ಎರಡು ಮಿಲಿಮೀಟರ್ ಬದಲು ಕಾಲು ಇಂಚು ದೂರ ಹಾಕಿದರೆ ಮಾರ್ಜಿನ್ನಿನ ತುದಿಯೇ ಸಿಗುವುದಿಲ್ಲ, ಸಿಕ್ಕರೂ ನಡುವಿನ ಬಟ್ಟೆ ಸಡಿಲವಾಗಿದ್ದು ಮತ್ತೆ ಹೊರಳುತ್ತದೆ. ಕಟ್ಸ್ ಕೊಡದೆ ಅಂಡರ್‌ಸ್ಟಿಚ್ ಹಾಕಿದರಂತೂ ಸುಕ್ಕಿಗೆ ಬೀಗ ಜಡಿದ ಹಾಗೆ. ಆಮೇಲೆ ಕತ್ತರಿ ಹಿಡಿದರೆ ಅಂಡರ್‌ಸ್ಟಿಚ್ಚೇ ತುಂಡಾಗುತ್ತದೆ.

ಕಡೆಗೆ ಎರಡೂ ಭುಜದ ಹೊಲಿಗೆಯ ಮಾರ್ಜಿನ್ನಿಗೆ ಪಟ್ಟಿಯನ್ನು ಕೈಹೊಲಿಗೆಯಲ್ಲಿ ನಾಲ್ಕು ಟಾಕಿ ಹಾಕಿ ಹಿಡಿಸಿದರೆ ಮುಗಿಯಿತು. ಮೊದಲೆಲ್ಲ ಹೆಮ್ಮಿಂಗ್ ಅಂತ ಬ್ಲೌಸುಗಳ ಕಟ್ಟು ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದ ಮನೆಗಳಿಗೆ ಹೋಗುತ್ತಿತ್ತು. ಊಟ ಮುಗಿಸಿ ಜಗಲಿಯಲ್ಲಿ ಕೂತು, ರೇಡಿಯೊ ಕೇಳುತ್ತಾ, ಒಂದೊಂದು ಅಕ್ಕಿಕಾಳಿನ ದೂರಕ್ಕೆ ಒಂದೊಂದು ಟಾಕಿ ಹಾಕುತ್ತಿದ್ದರು. ಅವರಲ್ಲಿ ಕೆಲವರು ಯಾರೂ ಹೇಳದಿದ್ದರೂ ಪಟ್ಟಿಯ ಅಂಚಿನಲ್ಲಿ ಮಾರ್ಜಿನ್ನನ್ನೂ ಸೇರಿಸಿ ಸಣ್ಣ ಹಿಮ್ಮುಖ ಹೊಲಿಗೆ ಹಾಕಿಬಿಡುತ್ತಿದ್ದರು. ಅದೂ ಅಂಡರ್‌ಸ್ಟಿಚ್ಚೇ, ಹೆಸರು ಮಾತ್ರ ಅವರಿಗೆ ಬೇಕಿರಲಿಲ್ಲ. ಆ ಬ್ಲೌಸುಗಳು ಬಣ್ಣ ಹೋದರೂ ಕುತ್ತಿಗೆ ಬಿಟ್ಟವಲ್ಲ.

ಈಗಾಗಲೇ ಹೊಲಿಸಿ ಗೋಳಾಡುತ್ತಿರುವ ಟಾಪಿಗೂ ಅದೇ ಕೈಹೊಲಿಗೆ ಸಾಕು. ಭುಜದ ಟಾಕಿ ಬಿಚ್ಚಿ, ಪಟ್ಟಿ ಹೊರತೆಗೆದು, ಮಾರ್ಜಿನ್ ಇಳಿಸಿ ಕಟ್ಸ್ ಕೊಟ್ಟು, ಅರ್ಧ ಸೆಂಟಿಮೀಟರಿಗೊಂದು ಟಾಕಿ. ಬಿಚ್ಚುವ ಮೊದಲು ಕಾಯಿಲೆ ಯಾವುದು ನೋಡಿಕೊಳ್ಳಿ. ಸುತ್ತಲೂ ಒಂದೇ ಸಮ ಇಣುಕಿದರೆ ಅಂಡರ್‌ಸ್ಟಿಚ್ ಇಲ್ಲ. ನಡುವೆ ಬಿಗಿದು ಸುಕ್ಕಾಗಿದ್ದರೆ ಕಟ್ಸ್ ಇಲ್ಲ. ಭುಜದಲ್ಲಿ ಮಾತ್ರ ಎದ್ದು ನಿಂತರೆ ಅಲ್ಲಿ ಭುಜದ ಮಾರ್ಜಿನ್ನುಗಳು ಗುಡ್ಡೆ ಬಿದ್ದಿವೆ, ಸೇರುವ ಮೂಲೆಯನ್ನು ಓರೆಯಾಗಿ ಕತ್ತರಿಸಿ ತೆಗೆಯಬೇಕು.

ಮುಂದಿನ ಸಲ ಅಂಗಡಿಯಲ್ಲಿ ಟಾಪು ಕೊಟ್ಟಾಗ ಕುತ್ತಿಗೆಯ ಒಳಭಾಗ ತಿರುಗಿಸಿ ನೋಡಿ. ಅಂಚಿನ ಪಕ್ಕ ಪಟ್ಟಿಯ ಮೇಲೆ ಒಂದು ಸಾಲು ಹೊಲಿಗೆ ಓಡಿದ್ದರೆ ಸರಿ. ಇಲ್ಲದಿದ್ದರೆ ಅವರು ಎಂದಿನಂತೆ ಉಗುರಿನಿಂದ ಸರ್ರನೆ ಗೀರಿ, ನಡುಮಧ್ಯೆ ಒತ್ತಿ ಹಿಡಿದು "ಈಗ ನೋಡಿ ಮೇಡಂ" ಅನ್ನುತ್ತಾರೆ. "ನೋಡ್ತೀನಿ ಅಣ್ಣಾ, ಸ್ವಲ್ಪ ಬೆರಳು ತೆಗೀರಿ" ಅನ್ನಿ.