ಬಲೆಯಲ್ಲಿ ಬಿದ್ದಿದ್ದು ದೊಡ್ಡವಾ, ಮರಿಗಳಾ?

"ಜಿರಲೆಗೆ ಜೆಲ್ ಹಚ್ಚಿ ಹದಿನೈದು ದಿನ ಆಯ್ತು. ಅಂಟು ಬಲೆಗೆ ಇನ್ನೂ ಬೀಳ್ತಾನೇ ಇವೆ. ಜೆಲ್ ಕೆಲಸ ಮಾಡಿಲ್ಲ ಅಂತ ಅಲ್ವಾ?"

ಅಷ್ಟು ಬೇಗ ಹಾಗೆ ಹೇಳೋಕಾಗಲ್ಲ. ಹಳೇ ಬಲೆಗಳನ್ನೇ ನೋಡ್ತಿದ್ದರೆ ಮೊದಲು ಅವನ್ನು ತೆಗೆದು ಹೊಸವು ಇಡಿ. ಧೂಳು, ಎಣ್ಣೆ ಜಿಡ್ಡು ಕೂತ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ನಮ್ಮ ಅಡುಗೆಮನೆಯಲ್ಲಿ ಸಣ್ಣ ಕಂದು ಜಿರಲೆ ಸೇರಿಕೊಂಡಿತ್ತು. ಆರು ಬಲೆಗಳ ಮೇಲೆ ನಂಬರ್, ತಾರೀಖು ಬರೆದು, ಗೋಡೆಗೆ ತಾಗಿಸಿ ಮೂರು ರಾತ್ರಿ ಇಟ್ಟೆ. ನೆಲದ ನಡುವೆ ಇಟ್ಟರೆ ಸುಮ್ನೆ ದಂಡ, ಅವು ಅಂಚು ಹಿಡಿದೇ ಓಡಾಡುತ್ತವೆ. ಸಿಂಕ್ ಕೆಳಗೆ ನಾಲ್ಕು ಬಿದ್ದವು, ಎಲ್ಲವೂ ದೊಡ್ಡವು. ಫ್ರಿಜ್ ಹಿಂದೆ ಹತ್ತೊಂಬತ್ತು, ಅದರಲ್ಲಿ ಹದಿನಾಲ್ಕು ಅಕ್ಕಿಕಾಳಿಗಿಂತ ಚಿಕ್ಕ ಮರಿಗಳು. ಮರಿಗಳು ಗೂಡು ಬಿಟ್ಟು ದೂರ ಹೋಗುವುದಿಲ್ಲ. ಟಾರ್ಚ್ ಹಾಕಿ ನೋಡಿದರೆ ಫ್ರಿಜ್ಜಿನ ಮೋಟಾರ್ ಹತ್ತಿರವೇ ಕರಿ ಚುಕ್ಕೆಯಂಥ ಹಿಕ್ಕೆ! ಜೆಲ್ ಜಾಸ್ತಿ ಅಲ್ಲಿಗೇ ಹಾಕಿದೆ.

ಎರಡು ವಾರ ಬಿಟ್ಟು ಅದೇ ಜಾಗಗಳಲ್ಲಿ, ಅದೇ ಮೂರು ರಾತ್ರಿ ಹೊಸ ಬಲೆ ಇಟ್ಟೆ. ಫ್ರಿಜ್ ಹಿಂದೆ ಐದು, ಎಲ್ಲವೂ ಮರಿಗಳೇ. ಈ ಜಾತಿಯ ಹೆಣ್ಣು ಮೊಟ್ಟೆಚೀಲವನ್ನು ಸುಮಾರು ನಾಲ್ಕು ವಾರ ಹೊತ್ತು ತಿರುಗುತ್ತದೆ, ಒಂದರಲ್ಲೇ 30-40 ಮೊಟ್ಟೆ. ಹಾಗಾಗಿ ಜೆಲ್ ಹಾಕಿದ ಮೇಲೂ ಮರಿಗಳು ಹೊರಬರುತ್ತಿರುತ್ತವೆ. ಆರನೇ ವಾರದಲ್ಲಿ ಮತ್ತೆ ಇಟ್ಟಾಗ ಬಲೆಗಳೆಲ್ಲ ಖಾಲಿ.

ನಿಮಗೆ ಬೀಳ್ತಿರೋದು ದೊಡ್ಡವೇ ಆಗಿದ್ದು, ಸಂಖ್ಯೆಯೂ ಇಳಿದಿಲ್ಲ ಅಂದರೆ ಜೆಲ್ ಅವುಗಳ ಗೂಡಿನ ಹತ್ತಿರ ಬಿದ್ದಿಲ್ಲವೇನೋ. ಬಲೆಯ ಸುತ್ತ ಸ್ಪ್ರೇ ಮಾತ್ರ ಹೊಡೆಯಬೇಡಿ. ಜಿರಲೆ ಆ ಕಡೆ ಸುಳಿಯದೆ ಬಲೆ ಸುಮ್ಮಸುಮ್ಮನೆ ಖಾಲಿ ಕಾಣುತ್ತದೆ.